ಸಾಲಕ್ಕೆ ಮುನ್ನ, ಸಾಲದ ನಂತರ

ವಿಮೆ ಮಾಡಿಸುವವರಿಗೂ ಸಾಲ ಕೇಳುವವರಿಗೂ ತಮ್ಮ ಸ್ಥಿತಿಗತಿ ಚೆನ್ನಾಗಿ ಗೊತ್ತಿರುತ್ತದೆ. ಕಂಪನಿಗಾಗಲಿ ಬ್ಯಾಂಕಿಗಾಗಲಿ ಅಷ್ಟು ಗೊತ್ತಿರುವುದಿಲ್ಲ. ಈ ಅಸಮ ಮಾಹಿತಿಯಿಂದ ಎರಡು ತೊಡಕುಗಳು ಹುಟ್ಟುತ್ತವೆ. ಒಪ್ಪಂದಕ್ಕೆ ಮೊದಲೇ ಹೆಚ್ಚು ಅಪಾಯದವರು ಹೆಚ್ಚಾಗಿ ಮುಂದೆ ಬರುವುದು ಪ್ರತಿಕೂಲ ಆಯ್ಕೆ. ಒಪ್ಪಂದವಾದ ಮೇಲೆ, ನಷ್ಟ ಬೇರೆಯವರ ತಲೆಗೆ ಹೋಗುತ್ತದೆಂದು ನಡವಳಿಕೆ ಬದಲಾಗುವುದು ನೈತಿಕ ಅಪಾಯ. ಪರೀಕ್ಷೆಯಲ್ಲಿ ಇವೆರಡನ್ನು ಬೇರ್ಪಡಿಸುವುದು ಈ ಮೊದಲು–ನಂತರದ ಗೆರೆಯೇ.

ಸಾಲದ ಒಂದು ಲೆಕ್ಕ ನೋಡಬಹುದು. ಒಂದು ಲಕ್ಷ ರೂಪಾಯಿ ಹೂಡಿದರೆ ಖಚಿತವಾಗಿ 1,20,000 ಬರುವ ಕಸುಬು ಒಂದು. ಇನ್ನೊಂದರಲ್ಲಿ ಹತ್ತರಲ್ಲಿ ಎಂಟು ಸಲ 1,40,000 ಬರುತ್ತದೆ, ಎರಡು ಸಲ ಏನೂ ಬರುವುದಿಲ್ಲ. ಎರಡೂ ಬಗೆಯವರು ಸಮಸಂಖ್ಯೆಯಲ್ಲಿ ಅಡಮಾನವಿಲ್ಲದೆ ಶೇ. 15ರ ಬಡ್ಡಿಗೆ ಸಾಲ ಪಡೆದರೆ, ಬ್ಯಾಂಕಿಗೆ ಮೊದಲನೆಯವರಿಂದ 1,15,000, ಎರಡನೆಯವರಿಂದ ಸರಾಸರಿ 92,000, ಒಟ್ಟಾರೆ ಸರಾಸರಿ 1,03,500 ಮರಳುತ್ತದೆ. ಲಾಭ ಹೆಚ್ಚಿಸಲು ಬಡ್ಡಿಯನ್ನು ಶೇ. 22ಕ್ಕೆ ಏರಿಸಿದರೆ ಖಚಿತ ಕಸುಬಿನವನಿಗೆ 2,000 ನಷ್ಟ. ಅವನು ಸಾಲವೇ ಬೇಡವೆನ್ನುತ್ತಾನೆ. ಉಳಿದವರಿಂದ ಬರುವ ಸರಾಸರಿ 97,600 ಮಾತ್ರ, ಅಂದರೆ ಅಸಲೂ ಪೂರ್ತಿ ಬರುವುದಿಲ್ಲ. ಬೇಡಿಕೆ ಹೆಚ್ಚಿದ್ದರೂ ಬ್ಯಾಂಕು ಬಡ್ಡಿ ಏರಿಸದೆ ಕೆಲವರಿಗೆ ಸಾಲ ನಿರಾಕರಿಸುವುದೇಕೆ ಎಂಬುದನ್ನು ಸ್ಟಿಗ್ಲಿಟ್ಸ್ ಮತ್ತು ವೈಸ್ 1981ರಲ್ಲಿ ವಿವರಿಸಿದ್ದು ಹೀಗೆಯೇ.

ಇದೇ ಅಂಕಿಗಳಲ್ಲಿ ನೈತಿಕ ಅಪಾಯವೂ ಅಡಗಿದೆ. ಎರಡೂ ಕಸುಬು ಬಲ್ಲ ಒಬ್ಬನೇ ವ್ಯಕ್ತಿ ಸ್ವಂತ ಹಣ ಹೂಡುವುದಾದರೆ ಖಚಿತವಾದದ್ದನ್ನೇ ಆರಿಸುತ್ತಾನೆ. ಅಪಾಯದ ಕಸುಬಿನ ಸರಾಸರಿ ಆದಾಯ 1,12,000 ಮಾತ್ರ. ಶೇ. 15ರ ಸಾಲದ ಹಣವಾದರೆ ಖಚಿತ ಕಸುಬಿನಲ್ಲಿ ಅವನಿಗೆ ಉಳಿಯುವುದು 5,000, ಇನ್ನೊಂದರಲ್ಲಿ ಸರಾಸರಿ 20,000. ಗೆದ್ದರೆ ಲಾಭ ಅವನದು, ಸೋತರೆ ನಷ್ಟ ಬ್ಯಾಂಕಿನದು. ಒಂದು ಲಕ್ಷ ಬೆಲೆಯ ಚಿನ್ನ ಅಡವಿಟ್ಟಿದ್ದರೆ ಆ 20,000 ಸೊನ್ನೆಗೆ ಇಳಿಯುತ್ತದೆ, ಅವನು ಖಚಿತ ಕಸುಬಿಗೇ ಮರಳುತ್ತಾನೆ. ಆದರೆ ಅಡವಿಡಲು ಏನೂ ಇಲ್ಲದ ಬಡವರು ಇದರಿಂದ ಹೊರಗುಳಿಯುತ್ತಾರೆ. ಅದು ಸಣ್ಣ ದೋಷವಲ್ಲ. ಸ್ವಸಹಾಯ ಸಂಘಗಳಲ್ಲಿ ಅಡಮಾನದ ಕೆಲಸವನ್ನು ಒಬ್ಬರನ್ನೊಬ್ಬರು ಬಲ್ಲ ಸದಸ್ಯರ ನಿಗಾ ಮಾಡುತ್ತದೆ.

ವಿಮೆಗೆ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ ಒಳ್ಳೆಯ ಉದಾಹರಣೆ. ಇಳುವರಿ ನಷ್ಟದ ಪರಿಹಾರ ಮುಖ್ಯವಾಗಿ ನಿರ್ಧಾರವಾಗುವುದು ರೈತನ ಸ್ವಂತ ಹೊಲದಿಂದಲ್ಲ, ಗ್ರಾಮ ಪಂಚಾಯಿತಿಯಂಥ ಘಟಕದ ಬೆಳೆ ಕಟಾವು ಪ್ರಯೋಗಗಳ ಸರಾಸರಿಯಿಂದ. ಹೀಗಾಗಿ ಕಳೆ ಕೀಳದೆ ಬಿಟ್ಟವನಿಗೆ ಹೆಚ್ಚು ಹಣವೇನೂ ಸಿಗದು. ಆದರೆ ಅಕ್ಕರೆಯಿಂದ ದುಡಿದವನ ಹೊಲವೊಂದೇ ಒಣಗಿದರೂ ಅವನಿಗೆ ಏನೂ ಬಾರದಿರಬಹುದು. ಮಳೆ ಕೈಕೊಟ್ಟಿದ್ದು ನೋಡಿ ವಿಮೆ ಮಾಡಿಸುವ ಪ್ರತಿಕೂಲ ಆಯ್ಕೆಯನ್ನು ನೋಂದಣಿಯ ಕೊನೆಯ ದಿನಾಂಕ ತಡೆಯುತ್ತದೆ. ಬೆಳೆಸಾಲ ಪಡೆದವರಿಗೆ ವಿಮೆ ಕಡ್ಡಾಯವಾಗಿದ್ದಾಗ ಕಡಿಮೆ ಅಪಾಯದವರೂ ಒಳಗಿರುತ್ತಿದ್ದರು. 2020ರ ಮುಂಗಾರಿನಿಂದ ಅದು ಐಚ್ಛಿಕವಾಗಿದ್ದು, ನೀರಾವರಿ ಇರುವವರು ಹೊರಗುಳಿಯಲು ದಾರಿಯಾಗಿದೆ.