ಬಿಯರ್ ಎಂದ ಮಾತ್ರಕ್ಕೆ ಪ್ಯಾರಾ ಬಿಯರ್ ಬಗ್ಗೆ ಅಲ್ಲ: ಶೀರ್ಷಿಕೆ ಹೊಂದಿಸುವ ಪ್ರಶ್ನೆಯ ಒಳಗುಟ್ಟು

ಈ ಸಂಚಿಕೆಗೆ ಕಾರಣ ಒಂದು ಧ್ವನಿ ಸಂದೇಶ. ಮಸ್ಕತ್‌ನಲ್ಲಿ ನರ್ಸ್ ಆಗಿರುವ ನಮ್ಮ ಕೇಳುಗರೊಬ್ಬರು ಕಳಿಸಿದ್ದು. ಅವರಿಗೆ ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಬೇಕಾಗಿದೆ. ಅದಕ್ಕಾಗಿ ಐಇಎಲ್‌ಟಿಎಸ್ ಪರೀಕ್ಷೆಯ ಓದಿನ ಭಾಗದಲ್ಲಿ 7 ಬರಬೇಕು. ಎರಡು ಸಲ ಬರೆದಿದ್ದಾರೆ, ಎರಡೂ ಸಲ ಆರೂವರೆಗೆ ನಿಂತಿದೆ. "ಪದಗಳೆಲ್ಲ ಗೊತ್ತು ಸರ್. ಪ್ರಾಕ್ಟೀಸ್ ಪೇಪರ್ ಮಾಡುವಾಗ ನೋಡಿದರೆ, ಪ್ಯಾರಾಗಳಿಗೆ ಹೆಡಿಂಗ್ ಹೊಂದಿಸೋ ಪ್ರಶ್ನೆ ಬಂದಾಗಲೇ ಮೂರು ನಾಲ್ಕು ತಪ್ಪಾಗುತ್ತೆ. ಯಾಕೆ ಅಂತ ತಿಳೀತಿಲ್ಲ" ಅಂತ ಕೇಳಿದ್ದಾರೆ.

ಮೂರು ನಾಲ್ಕು ಅಂಕ ಅಂದ್ರೆ ಸಣ್ಣದಲ್ಲ. ಓದಿನ ಭಾಗದಲ್ಲಿ ಇರೋದು 40 ಪ್ರಶ್ನೆ, 60 ನಿಮಿಷ. 7 ಬರಬೇಕಾದರೆ ಸುಮಾರು 30 ಸರಿಯಾಗಬೇಕು. ಹಾಗಾಗಿ ಇವತ್ತು ಇದೊಂದೇ ಪ್ರಶ್ನೆಯನ್ನು ಬಿಡಿಸಿ ನೋಡೋಣ. ಓದುವಾಗ ತಲೆಯೊಳಗೆ ಏನಾಗುತ್ತೆ ಅನ್ನೋ ವಿಜ್ಞಾನವೂ ಇದರಲ್ಲೇ ಇದೆ.

ಪರೀಕ್ಷೆ ಬರೆಯದವರಿಗಾಗಿ ಮೊದಲು ಪ್ರಶ್ನೆಯ ಸ್ವರೂಪ ಹೇಳಿಬಿಡ್ತೀನಿ. ಒಂದು ಲೇಖನ ಇರುತ್ತೆ, ಅದರಲ್ಲಿ ಆರೇಳು ಪ್ಯಾರಾ. ಲೇಖನಕ್ಕೂ ಮುಂಚೆ ಶೀರ್ಷಿಕೆಗಳ ಒಂದು ಪಟ್ಟಿ. ಪಟ್ಟಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಶೀರ್ಷಿಕೆಗಳಿರುತ್ತವೆ, ಉಳಿಯುವವು ಬಲೆಗಳು. ಪ್ರತಿ ಪ್ಯಾರಾಕ್ಕೆ ಒಂದು ಶೀರ್ಷಿಕೆ, ಒಮ್ಮೆ ಬಳಸಿದ್ದನ್ನು ಮತ್ತೆ ಬಳಸೋ ಹಾಗಿಲ್ಲ. ಇಲ್ಲೇ ಒಂದು ಅಪಾಯ ಇದೆ. ಒಂದು ಶೀರ್ಷಿಕೆಯನ್ನು ತಪ್ಪು ಜಾಗಕ್ಕೆ ಕೊಟ್ಟರೆ ಅದು ಸರಿಯಾದ ಜಾಗಕ್ಕೆ ಸಿಗೋದಿಲ್ಲ. ಒಂದು ತಪ್ಪು ಸುಲಭವಾಗಿ ಎರಡಾಗುತ್ತೆ.

ಈಗ ಒಂದು ಪ್ಯಾರಾ ತಗೊಳ್ಳೋಣ. ಇದು ಯಾವ ಪರೀಕ್ಷೆಯಲ್ಲೂ ಬಂದದ್ದಲ್ಲ, ನಾನೇ ಬರೆದದ್ದು. ವಿಷಯ ಮಾತ್ರ ನಿಜವಾಗಿ ನಡೆದದ್ದು. 1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಬಂದು ಕೆಲವೇ ದಿನಗಳಲ್ಲಿ ನೂರಾರು ಜನ ಸತ್ತರು. ಕೆಟ್ಟ ಗಾಳಿಯೇ ಕಾಲರಾಕ್ಕೆ ಕಾರಣ ಅಂತ ಆಗ ಬಹುತೇಕರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರು ಮಾತ್ರ ನೀರಿನ ಮೇಲೆ ಅನುಮಾನಪಟ್ಟರು. ಪರೀಕ್ಷೆಯಲ್ಲಿ ಇದು ಇಂಗ್ಲಿಷಿನಲ್ಲಿರುತ್ತೆ, ನಾನು ಕನ್ನಡದಲ್ಲಿ ಓದ್ತೀನಿ. ಕೇಳಿ:

"ಬ್ರಾಡ್ ಸ್ಟ್ರೀಟಿನ ಪಂಪಿನ ನೀರು ಕುಡಿದವರಿಗೆ ಕಾಲರಾ ಬರುತ್ತಿದೆ ಎಂಬುದು ಸ್ನೋ ಅವರ ವಾದ. ಆದರೆ ಈ ವಾದಕ್ಕೆ ಹೊಂದದವರೂ ಇದ್ದಂತೆ ಕಂಡಿತು. ಪಂಪಿನ ಹತ್ತಿರದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಯಾರೂ ಕಾಲರಾದಿಂದ ಸಾಯಲಿಲ್ಲ. ವಿಚಾರಿಸಿದಾಗ, ಅವರಿಗೆ ಕುಡಿಯಲು ಅಲ್ಲಿಯೇ ಬಿಯರ್ ಸಿಗುತ್ತಿತ್ತು, ಆ ಪಂಪಿನ ನೀರನ್ನು ಅವರು ಮುಟ್ಟುತ್ತಿರಲಿಲ್ಲ ಎಂದು ಗೊತ್ತಾಯಿತು. ಸಮೀಪದ ಬಡವರ ಆಶ್ರಯಾಲಯದಲ್ಲಿ 535 ಜನರಿದ್ದರೂ ಕಾಲರಾಕ್ಕೆ ಬಲಿಯಾದವರು ಐವರು ಮಾತ್ರ. ಆಶ್ರಯಾಲಯಕ್ಕೆ ತನ್ನದೇ ಬಾವಿ ಇತ್ತು. ಇನ್ನೊಂದೆಡೆ, ಕಾಲರಾ ಇರದ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ತೀರಿಕೊಂಡರು. ಅವರು ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿದ್ದವರು. ಆ ನೀರಿನ ರುಚಿ ಹಿಡಿಸಿದ್ದರಿಂದ ಅದನ್ನು ಬಾಟಲಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರು."

ಶೀರ್ಷಿಕೆಗಳು ನಾಲ್ಕು. ಒಂದು, ಬಿಯರ್ ರೋಗದಿಂದ ಕಾಪಾಡಿದ ಬಗೆ. ಎರಡು, ಬಡವರ ಆಶ್ರಯಾಲಯದಲ್ಲಿನ ಸಾವುಗಳು. ಮೂರು, ಕಾಲರಾದ ಕಾರಣದ ಬಗ್ಗೆ ವೈದ್ಯರ ಭಿನ್ನಾಭಿಪ್ರಾಯ. ನಾಲ್ಕು, ವಿರುದ್ಧವಾಗಿ ಕಂಡ ಸಂಗತಿಗಳೇ ವಾದವನ್ನು ಗಟ್ಟಿ ಮಾಡಿದ್ದು.

ನಿಮ್ಮ ಮನಸ್ಸು ಮೊದಲು ಎತ್ತ ಓಡಿತು? ಗಡಿಯಾರ ಓಡ್ತಾ ಇರುವಾಗ ಬಹಳ ಜನ ಒಂದನ್ನೋ ಎರಡನ್ನೋ ಹಿಡೀತಾರೆ. ಬಿಯರ್, ಆಶ್ರಯಾಲಯ, ಎರಡೂ ಪದ ಪ್ಯಾರಾದಲ್ಲಿ ಎದ್ದು ಕಾಣುತ್ತವೆ. ಸರಿಯುತ್ತರವಾದ ನಾಲ್ಕನೆಯದನ್ನು ನೋಡಿ. ಅದರಲ್ಲಿ ಕಾಲರಾ ಇಲ್ಲ, ನೀರಿಲ್ಲ, ಪಂಪಿಲ್ಲ, ಸ್ನೋ ಕೂಡ ಇಲ್ಲ. ಪ್ಯಾರಾದಿಂದ ಅದು ಎತ್ತಿಕೊಂಡ ವಿಷಯಪದ "ವಾದ" ಒಂದೇ. ಅದು ಹೇಳುವ ಮಾತು ಮಾತ್ರ ಪೂರ್ತಿ ಪ್ಯಾರಾದ್ದು.

ಹೀಗೆ ಯಾಕೆ ಮೋಸ ಹೋಗ್ತೀವಿ? ವಾಲ್ಟರ್ ಕಿಂಚ್ ಮತ್ತು ಟ್ಯೂನ್ ವಾನ್ ಡೈಕ್ ಎಂಬ ಇಬ್ಬರು ವಿದ್ವಾಂಸರು 1978ರಲ್ಲಿ ಓದಿನ ಬಗ್ಗೆ ಒಂದು ಮುಖ್ಯ ಪ್ರಬಂಧ ಪ್ರಕಟಿಸಿದರು. ಅವರ ಪ್ರಕಾರ ಓದುಗರ ಮನಸ್ಸಿನಲ್ಲಿ ಎರಡು ಹಂತದ ಚಿತ್ರ ಮೂಡುತ್ತೆ. ಒಂದು ಬಿಡಿಬಿಡಿ ಸಂಗತಿಗಳದ್ದು, ಇನ್ನೊಂದು ಅವೆಲ್ಲವನ್ನೂ ಒಟ್ಟುಗೂಡಿಸಿದ ಸಾರದ್ದು. ಸಾರ ಬರಬೇಕಾದರೆ ಓದುಗರು ಕೆಲಸ ಮಾಡಬೇಕು. ಬೇಡದ್ದನ್ನು ಬಿಡಬೇಕು, ಹಲವನ್ನು ಸೇರಿಸಿ ಒಂದು ಹೆಸರಿಡಬೇಕು, ಕೆಲವೊಮ್ಮೆ ಪ್ಯಾರಾದಲ್ಲಿ ಎಲ್ಲೂ ಬರೆದಿರದ ವಾಕ್ಯವೊಂದನ್ನು ತಾವೇ ಕಟ್ಟಬೇಕು. ಮಾರ್ಕೆಟ್ಟಿಂದ ಬಂದಾಗ "ಏನು ತಂದೆ?" ಅಂದ್ರೆ ಬದನೆಕಾಯಿ, ಹುರುಳಿಕಾಯಿ, ನುಗ್ಗೆಕಾಯಿ ಅಂತ ಎಣಿಸದೆ "ತರಕಾರಿ" ಅಂತೀವಲ್ಲ, ಹಾಗೆ. ಶೀರ್ಷಿಕೆ ಕೇಳೋದು ತರಕಾರಿಯನ್ನು. ಬಲೆ ತೋರಿಸೋದು ನುಗ್ಗೆಕಾಯಿಯನ್ನು.

ಅದರ ಮೇಲೆ, ಸ್ವಾರಸ್ಯದ ವಿವರಗಳಿಗೆ ಒಂದು ವಿಶೇಷ ಸೆಳೆತ ಇದೆ. 1989ರಲ್ಲಿ ರೂತ್ ಗಾರ್ನರ್ ಮತ್ತು ಸಂಗಡಿಗರು ಇಂಥವನ್ನು ಮರುಳುಮಾಡುವ ವಿವರಗಳು ಎಂದು ಕರೆದರು. ಮುಖ್ಯವಲ್ಲದ, ಆದರೆ ರಸವತ್ತಾದ ವಿವರ ಇದ್ದಾಗ ಮುಖ್ಯ ವಿಚಾರ ನೆನಪಿನಿಂದ ಜಾರುತ್ತೆ ಅನ್ನೋದು ಅವರು ಕಂಡದ್ದು. ಕಾಲರಾದ ನಡುವೆ ಬಿಯರ್ ಕುಡಿದು ಬದುಕಿದವರ ಕಥೆಯನ್ನು ಯಾರು ಮರೀತಾರೆ ಹೇಳಿ!

ಸರಿ, ಬಲೆಯಿಂದ ತಪ್ಪಿಸಿಕೊಳ್ಳೋದು ಹೇಗೆ? ಶೀರ್ಷಿಕೆಗಳ ಕಡೆ ಒಮ್ಮೆ ಕಣ್ಣಾಡಿಸಿ ಪಕ್ಕಕ್ಕಿಡಿ. ಪ್ಯಾರಾ ಓದಿ. ಓದಿದ ಮೇಲೆ, ಮತ್ತೆ ಪಟ್ಟಿ ನೋಡುವ ಮುಂಚೆ, ಪ್ಯಾರಾದ ಸಾರವನ್ನು ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ಕನ್ನಡದಲ್ಲೇ ಯಾಕೆ? ಇಂಗ್ಲಿಷಿನಲ್ಲಿ ಹೇಳಿಕೊಂಡರೆ ಪ್ಯಾರಾದ ಪದಗಳೇ ನಾಲಿಗೆಗೆ ಬರುತ್ತವೆ, ಆಮೇಲೆ ಕಣ್ಣು ಪಟ್ಟಿಯಲ್ಲಿ ಅದೇ ಪದಗಳನ್ನು ಹುಡುಕುತ್ತೆ. ಕನ್ನಡಕ್ಕೆ ತಂದ ಕೂಡಲೇ ಪದದ ಸಿಪ್ಪೆ ಕಳಚಿ ಅರ್ಥ ಮಾತ್ರ ಉಳಿಯುತ್ತೆ. ಎರಡು ಭಾಷೆ ಬಲ್ಲವರಿಗೆ ಸಿಗುವ ಅನುಕೂಲ ಇದು. ನಮ್ಮ ಪ್ಯಾರಾಕ್ಕೆ ನಾನು ಹೇಳಿಕೊಳ್ಳೋದು ಹೀಗೆ: "ಇವರ ಮಾತಿಗೆ ಹೊಂದಲ್ಲ ಅನ್ನಿಸಿದವರನ್ನು ವಿಚಾರಿಸಿದರೆ, ಅವರಿಂದಲೇ ಮಾತು ನಿಜ ಅಂತ ಗೊತ್ತಾಯ್ತು." ಈಗ ಪಟ್ಟಿ ನೋಡಿ, ನಾಲ್ಕನೆಯದು ತಾನೇ ಕಾಣುತ್ತೆ.

ಇನ್ನೂ ಅನುಮಾನ ಇದ್ದರೆ ತೆಗೆದು ನೋಡುವ ಪರೀಕ್ಷೆ ಮಾಡಿ. ಬಿಯರ್ ಇರುವ ಎರಡು ವಾಕ್ಯಗಳನ್ನು ಬೆರಳಿಂದ ಮುಚ್ಚಿ. ಪ್ಯಾರಾ ಬಿತ್ತಾ? ಇಲ್ಲ. ಆಶ್ರಯಾಲಯ ಮತ್ತು ಹ್ಯಾಂಪ್‌ಸ್ಟೆಡ್ ಅದೇ ಕೆಲಸ ಮಾಡ್ತಾ ನಿಂತಿವೆ. ಹಾಗಾದರೆ ಬಿಯರ್ ಬರೀ ಉದಾಹರಣೆ. ಈಗ "ಆದರೆ ಈ ವಾದಕ್ಕೆ ಹೊಂದದವರೂ ಇದ್ದಂತೆ ಕಂಡಿತು" ಅನ್ನೋ ವಾಕ್ಯ ಮುಚ್ಚಿ. ಕಾರ್ಖಾನೆ, ಆಶ್ರಯಾಲಯ, ವಿಧವೆ ಮೂರೂ ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಚೆಲ್ಲಿಹೋದವು. ಕಂಬ ಇರೋದು ಅಲ್ಲಿ. ಗಮನಿಸಿ, ಅದು ಮೊದಲ ವಾಕ್ಯ ಅಲ್ಲ. ಮೊದಲ ವಾಕ್ಯ ಓದಿದರೆ ಸಾಕು ಅನ್ನೋ ಸಲಹೆ ಹಲವರು ಕೊಡ್ತಾರೆ, ಅದನ್ನು ನೆಚ್ಚಿಕೊಂಡರೆ ಇಂಥ ಕಡೆ ಎಡವುತ್ತೀರಿ. "ಆದರೆ", "ಹಾಗಿದ್ದರೂ" ಅನ್ನುವ ಅರ್ಥದ ಪದ ಬಂದಾಗ ಪ್ಯಾರಾ ಅಲ್ಲಿಂದ ತಿರುಗಬಹುದು.

ಮೂರನೇ ಶೀರ್ಷಿಕೆ ಬೇರೆ ಥರದ ಬಲೆ. ವೈದ್ಯರ ಭಿನ್ನಾಭಿಪ್ರಾಯ ಇದ್ದದ್ದು ನಿಜವೇ. ಇಡೀ ಲೇಖನಕ್ಕೆ ಬೇಕಾದರೆ ಅದು ಒಪ್ಪಬಹುದು. ಈ ಪ್ಯಾರಾದಲ್ಲಿ ಸ್ನೋ ಬಿಟ್ಟು ಬೇರೆ ವೈದ್ಯರ ಸುದ್ದಿಯೇ ಇಲ್ಲ. ಮೊದಲೆರಡು ಪ್ಯಾರಾಕ್ಕಿಂತ ಚಿಕ್ಕ ಅಂಗಿ, ಮೂರನೆಯದು ದೊಡ್ಡ ಅಂಗಿ.

ನಮ್ಮ ಕೇಳುಗರು ಹೆಚ್ಚಾಗಿ ಬೀಳುತ್ತಿದ್ದದ್ದು ಇನ್ನೊಂದು ಬಲೆಗೆ. ಅದಕ್ಕೂ ಇದೇ ಲೇಖನದಲ್ಲಿ ಮುಂದಿನ ಪ್ಯಾರಾ ಇದೆ ಅಂದುಕೊಳ್ಳಿ: "ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಲಾಯಿತು. ಆದರೆ ಅಷ್ಟರಲ್ಲಾಗಲೇ ಜನ ಊರು ಬಿಟ್ಟಿದ್ದರು, ಸಾವುಗಳು ಇಳಿಮುಖವಾಗಿದ್ದವು. ಹಿಡಿ ತೆಗೆದದ್ದರಿಂದಲೇ ರೋಗ ನಿಂತಿತು ಎಂದು ಹೇಳುವುದು ಕಷ್ಟವೆಂದು ಸ್ನೋ ಅವರೇ ಒಪ್ಪಿಕೊಂಡರು." ಪಟ್ಟಿಯಲ್ಲಿ ಎರಡು ಶೀರ್ಷಿಕೆ: "ಪಂಪಿನ ಹಿಡಿ ತೆಗೆದು ರೋಗ ನಿಲ್ಲಿಸಿದ್ದು" ಮತ್ತು "ಕೈಗೊಂಡ ಕ್ರಮದ ಫಲ ಎಷ್ಟು ಎಂಬ ಸಂದೇಹ". ಮೊದಲನೆಯದರಲ್ಲಿ ಪ್ಯಾರಾದ ಪದಗಳೆಲ್ಲ ಇವೆ, ಸಾಲದ್ದಕ್ಕೆ ಎಷ್ಟೋ ಜನ ಕೇಳಿರುವ ಕಥೆಯೂ ಅದೇ. ಪ್ಯಾರಾ ಹೇಳೋದು ಮಾತ್ರ ಉಲ್ಟಾ. ವಿಷಯ ಮೊದಲೇ ಗೊತ್ತಿರುವವರು ಇಲ್ಲಿ ಇನ್ನೂ ಬೇಗ ಬೀಳ್ತಾರೆ, ಯಾಕಂದ್ರೆ ಅವರು ಓದೋದು ತಮ್ಮ ನೆನಪನ್ನು, ಪ್ಯಾರಾವನ್ನಲ್ಲ. ನೀವು ನರ್ಸ್ ಆಗಿದ್ದು ಲೇಖನ ವೈದ್ಯಕೀಯದ್ದಾದರೆ ಎರಡರಷ್ಟು ಎಚ್ಚರ ಬೇಕು.

ಎರಡು ಮಿತಿಗಳನ್ನೂ ಹೇಳಬೇಕು. ಪ್ಯಾರಾದ ಪದ ಶೀರ್ಷಿಕೆಯಲ್ಲಿ ಇದ್ದರೆ ಅದು ತಪ್ಪೇ ಅಂತೇನಿಲ್ಲ, ಎಷ್ಟೋ ಸಲ ಸರಿಯುತ್ತರದಲ್ಲೂ ಇರುತ್ತೆ. ಪದ ಹೊಂದೋದು ಪರವಾಗಿಯೂ ಸಾಕ್ಷಿಯಲ್ಲ, ವಿರುದ್ಧವಾಗಿಯೂ ಅಲ್ಲ. ಎರಡನೆಯದು, ಈ ಕ್ರಮ ಶುರುವಿನಲ್ಲಿ ನಿಧಾನ. ಕೆಲವು ಪೇಪರುಗಳನ್ನು ಗಡಿಯಾರ ಇಲ್ಲದೆ ಮಾಡಿ. ಪರೀಕ್ಷೆಯಲ್ಲಿ ಎರಡು ಶೀರ್ಷಿಕೆಗಳ ನಡುವೆ ತೂಗಾಡ್ತಾ ಇದ್ದರೆ ಎರಡನ್ನೂ ಪಕ್ಕದಲ್ಲಿ ಗುರುತು ಮಾಡಿ ಮುಂದಿನ ಪ್ಯಾರಾಕ್ಕೆ ಹೋಗಿ. ಮುಂದಿನದು ಒಂದನ್ನು ತೆಗೆದುಕೊಂಡಾಗ ಹಿಂದಿನದು ತಾನೇ ಬಗೆಹರಿಯಬಹುದು.

ಮಸ್ಕತ್ತಿನ ಸಹೋದರಿ, ನಿಮ್ಮ ಹಳೆಯ ಪ್ರಾಕ್ಟೀಸ್ ಪೇಪರ್ ತೆಗೆಯಿರಿ. ತಪ್ಪಾದ ಒಂದೊಂದು ಉತ್ತರದ ಪಕ್ಕದಲ್ಲೂ ಬರೆದುಕೊಳ್ಳಿ: ಅಂಗಿ ಚಿಕ್ಕದಾಯಿತೇ, ದೊಡ್ಡದಾಯಿತೇ, ಇಲ್ಲಾ ಉಲ್ಟಾ ಹಾಕಿಕೊಂಡೆನೇ? ಹತ್ತು ತಪ್ಪುಗಳನ್ನು ಹೀಗೆ ಗುರುತಿಸಿದರೆ ನಿಮ್ಮ ಅಭ್ಯಾಸದ ಬಲೆ ಯಾವುದು ಅಂತ ನಿಮಗೇ ಕಾಣುತ್ತೆ. ಪರೀಕ್ಷೆ ಆದ ಮೇಲೆ ಇನ್ನೊಂದು ಸಂದೇಶ ಕಳಿಸಿ, ಕಾಯ್ತಿರ್ತೀವಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.