ಕರೆಂಟ್ ಹೋದ ಸಂಜೆ ಕ್ಲಿನಿಕ್ ನಡೆಯುವುದು ಹೇಗೆ?

ಒಬ್ಬರು ಡಾಕ್ಟರು, ಒಬ್ಬರು ನರ್ಸ್, ಚೀಟಿ ಬರೆಯಲು ಒಬ್ಬ ಹುಡುಗ. ತಾಲ್ಲೂಕು ಕೇಂದ್ರದ ಇಂಥದೊಂದು ಕ್ಲಿನಿಕ್‌ನಲ್ಲಿ ಮಳೆಗಾಲದ ಸಂಜೆ ಕರೆಂಟ್ ಹೋಯಿತು, ಅವತ್ತೇ ನರ್ಸ್ ರಜೆ ಎಂದುಕೊಳ್ಳಿ. ದೀಪಕ್ಕೆ ಯುಪಿಎಸ್ ಇದೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಸಿಗಬೇಕು. ಹಳೆಯದಾದರೆ ಅರ್ಧದಷ್ಟನ್ನು ನಂಬುವುದೇ ಕ್ಷೇಮ. ದೀಪ, ಕಂಪ್ಯೂಟರ್, ನೆಬ್ಯುಲೈಸರ್ ಸೇರಿ 150 ವ್ಯಾಟ್ ಎಳೆದರೆ ಸುಮಾರು ಆರು ಗಂಟೆ ದೂಡಬಹುದು.

ನಿಜವಾದ ಅಪಾಯ ಇರುವುದು ಲಸಿಕೆಯ ಫ್ರಿಜ್‌ನಲ್ಲಿ. ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಕರೆಂಟ್ ಹೋದೊಡನೆ ಬಾಗಿಲು ತೆರೆಯದೆ, ಹೊರಗೆ ಕಾಣುವ ಥರ್ಮಾಮೀಟರ್ ನೋಡುತ್ತಿರಬೇಕು. ಅಂಕಿ 8ರತ್ತ ಏರತೊಡಗಿದರೆ ಲಸಿಕೆಯನ್ನು ಐಸ್‌ಪ್ಯಾಕ್ ಇಟ್ಟ ಲಸಿಕೆ ಪೆಟ್ಟಿಗೆಗೆ ಸಾಗಿಸಬೇಕು. ಗಾಬರಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್‌ಪ್ಯಾಕ್ ತಗುಲಿದರೆ ಹೆಪಟೈಟಿಸ್ ಬಿ, ಟೆಟನಸ್ ಲಸಿಕೆಗಳು ಹೆಪ್ಪುಗಟ್ಟಿ ಶಕ್ತಿ ಕಳೆದುಕೊಳ್ಳುತ್ತವೆ. ಕರಗಿದ ಮೇಲೆ ಸೀಸೆ ನೋಡಿದರೆ ವ್ಯತ್ಯಾಸ ತಿಳಿಯದೇ ಹೋಗಬಹುದು. ಆದ್ದರಿಂದ ಐಸ್‌ಪ್ಯಾಕನ್ನು ಹೊರಗಿಟ್ಟು, ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲಷ್ಟೇ ಪೆಟ್ಟಿಗೆಗೆ ಇಡಬೇಕು. ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ಉಷ್ಣಾಂಶ ಮೂರನ್ನೂ ಬರೆದಿಟ್ಟರೆ, ಲಸಿಕೆ ಬಳಸಬಹುದೇ ಎಂದು ಮರುದಿನ ತೀರ್ಮಾನಿಸಲು ಆಧಾರವಿರುತ್ತದೆ.

ಇಷ್ಟೆಲ್ಲ ನರ್ಸ್‌ಗೆ ಮಾತ್ರ ಗೊತ್ತಿದ್ದರೆ ಅವರು ಬಾರದ ದಿನ ಪ್ರಯೋಜನವಿಲ್ಲ. ಫ್ರಿಜ್‌ನ ಬೀಗದ ಕೈ ಎಲ್ಲಿದೆ, ಪೆಟ್ಟಿಗೆ ಎಲ್ಲಿದೆ, ಫೋನ್ ಯಾರಿಗೆ ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಚೀಟಿ ಬರೆಯುವ ಹುಡುಗನಿಂದಲೇ ಒಮ್ಮೆ ಮಾಡಿಸಿ ನೋಡಬೇಕು. ಅವನು ಇಂಜೆಕ್ಷನ್ ಕೊಡುವಂತಿಲ್ಲ. ನರ್ಸ್ ಇಲ್ಲದ ದಿನ ಅದು ಡಾಕ್ಟರರ ಕೆಲಸ. ಡಾಕ್ಟರೇ ಬಾರದಿದ್ದರೆ, ಬದಲಿ ವೈದ್ಯರು ಸಿಗುವವರೆಗೆ ರೋಗಿಗಳನ್ನು ಎಲ್ಲಿಗೆ ಕಳಿಸಬೇಕೆಂಬುದೂ ಆ ಹಾಳೆಯಲ್ಲಿರಲಿ.

ಕಂಪ್ಯೂಟರ್ ತೆರೆಯದಿದ್ದರೆ ಹಳೆಯ ದಾಖಲೆ ಕಾಣುವುದಿಲ್ಲ. ಯಾರಿಗೆ ಪೆನ್ಸಿಲಿನ್ ಅಲರ್ಜಿ, ಯಾರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆ ಎಂಬುದು ಅದರೊಳಗೇ ಉಳಿಯುತ್ತದೆ. ಬೆಳಿಗ್ಗೆಯೇ ಅಂದಿನ ರೋಗಿಗಳ ಹೆಸರು, ಅಲರ್ಜಿ, ಮಾತ್ರೆಗಳ ಪಟ್ಟಿ ಮುದ್ರಿಸಿಟ್ಟುಕೊಂಡರೆ ದೊಡ್ಡ ಅನುಕೂಲ. ಅಂದು ಕಾಗದದಲ್ಲಿ ಬರೆದದ್ದನ್ನು ಮರುದಿನ ಕಂಪ್ಯೂಟರಿಗೆ ಏರಿಸುವಾಗ, ನೋಡಿದ ದಿನಾಂಕದ ಜೊತೆಗೆ ‘ನಂತರ ನಮೂದಿಸಿದ್ದು’ ಎಂದೂ ಬರೆಯಬೇಕು. ಮೂಲ ಹಾಳೆಯನ್ನು ಎಸೆಯಬಾರದು.

ಪ್ರತಿ ಸಂಜೆ ದಾಖಲೆಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ಇಳಿಸಿ, ಡಿಸ್ಕನ್ನು ಕಳಚಿಡಿ. ಅಂಟಿಕೊಂಡೇ ಇದ್ದರೆ ಫೈಲುಗಳಿಗೆ ಬೀಗ ಜಡಿಯುವ ವೈರಸ್ ಅದನ್ನೂ ಬಿಡುವುದಿಲ್ಲ. ಪಾಸ್‌ವರ್ಡ್ ಹಾಕಿದ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಪ್ರತಿ ಇದೆ ಎಂದ ಮಾತ್ರಕ್ಕೆ ಅದು ತೆರೆದುಕೊಳ್ಳುತ್ತದೆ ಎನ್ನುವಂತಿಲ್ಲ. ಕ್ಲಿನಿಕ್ ನಡೆಸುವವರು ಈ ವಾರವೇ ಬೇರೆ ಕಂಪ್ಯೂಟರಿನಲ್ಲಿ ಆ ಪ್ರತಿಯಿಂದ ಒಬ್ಬ ಹಳೆಯ ರೋಗಿಯ ದಾಖಲೆ ತೆರೆದು ನೋಡಿ, ಎಷ್ಟು ಹೊತ್ತು ಹಿಡಿಯಿತೆಂದು ಗೋಡೆಯ ಆ ಹಾಳೆಯಲ್ಲಿ ಬರೆದಿಡಿ.