ಪಿ-ಎನ್ ಸಂಧಿಯಲ್ಲಿ ಪಟ್ಟಿಗಳ ಬಾಗುವಿಕೆ

ಪಿ-ಎನ್ ಸಂಧಿಯಲ್ಲಿ ಪಟ್ಟಿಗಳ ಬಾಗುವಿಕೆ ಎಂದರೆ, ಒಂದೇ ಅರೆವಾಹಕ ಹರಳಿನ ಪಿ-ಮಾದರಿಯ ಭಾಗವೂ ಎನ್-ಮಾದರಿಯ ಭಾಗವೂ ಕೂಡುವ ಎಡೆಯಲ್ಲಿ ಎಲೆಕ್ಟ್ರಾನುಗಳ ಶಕ್ತಿ ಪಟ್ಟಿಗಳು ಸಮತಟ್ಟಾಗಿರದೆ ಇಳಿಜಾರಾಗಿ ಸಾಗುವುದು. ಈ ಇಳಿಜಾರಿನ ಒಟ್ಟು ಎತ್ತರವನ್ನು ಎಲೆಕ್ಟ್ರಾನಿನ ಆವೇಶದ ಪರಿಮಾಣದಿಂದ ಭಾಗಿಸಿದಾಗ ದೊರೆಯುವ ವಿಭವಾಂತರಕ್ಕೆ ಅಂತರ್ಗತ ವಿಭವ ಎಂದು ಹೆಸರು. ಹೊರಗಿನಿಂದ ಯಾವ ಬ್ಯಾಟರಿಯನ್ನು ಜೋಡಿಸದಿದ್ದರೂ ಇದು ಸಂಧಿಯಲ್ಲಿ ಇದ್ದೇ ಇರುತ್ತದೆ. ಹಾಗಿದ್ದರೂ ಡಯೋಡಿನ ಎರಡು ತುದಿಗಳಿಗೆ ವೋಲ್ಟ್‌ಮೀಟರು ಹಚ್ಚಿದರೆ ಅದು ಸೊನ್ನೆಯನ್ನೇ ತೋರಿಸುತ್ತದೆ. ಮೇಲ್ನೋಟಕ್ಕೆ ವಿರೋಧವಾಗಿ ಕಾಣುವ ಈ ಎರಡು ಸಂಗತಿಗಳಿಗೂ ಕಾರಣ ಒಂದೇ: ಸಮತೋಲನದಲ್ಲಿ ಎಲೆಕ್ಟ್ರಾನುಗಳ ಒಟ್ಟು ರಾಸಾಯನಿಕ ವಿಭವವು ಹರಳಿನ ಉದ್ದಕ್ಕೂ ಒಂದೇ ಆಗಿರುತ್ತದೆ.

ರಾಸಾಯನಿಕ ವಿಭವ ಮತ್ತು ಫರ್ಮಿ ಮಟ್ಟ

ಒಂದು ವ್ಯವಸ್ಥೆಗೆ ಇನ್ನೊಂದು ಕಣವನ್ನು ಸೇರಿಸಿದಾಗ ಅದರ ಮುಕ್ತ ಶಕ್ತಿಯು ಎಷ್ಟು ಹೆಚ್ಚುತ್ತದೆಯೋ ಅದೇ ಆ ಕಣದ ರಾಸಾಯನಿಕ ವಿಭವ. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಕಣಗಳು ಹೆಚ್ಚಿನ ರಾಸಾಯನಿಕ ವಿಭವವುಳ್ಳ ಎಡೆಯಿಂದ ಕಡಿಮೆಯುಳ್ಳ ಎಡೆಗೆ ಸಾಗುತ್ತವೆ. ಎರಡೂ ಸಮವಾದಾಗ ನಿವ್ವಳ ಹರಿವು ನಿಲ್ಲುತ್ತದೆ.

ಎಲೆಕ್ಟ್ರಾನಿಗೆ ಆವೇಶವಿರುವುದರಿಂದ ಇಲ್ಲಿ ಎರಡು ಅಂಶಗಳನ್ನು ಕೂಡಿಸಿಕೊಳ್ಳಬೇಕು. ಒಂದು, ಆ ಸ್ಥಳದಲ್ಲಿ ಎಲೆಕ್ಟ್ರಾನುಗಳು ಎಷ್ಟು ದಟ್ಟವಾಗಿವೆ ಎಂಬುದನ್ನು ಅವಲಂಬಿಸಿದ ಆಂತರಿಕ ಭಾಗ. ಇನ್ನೊಂದು, ಆ ಸ್ಥಳದ ವಿದ್ಯುತ್ ವಿಭವದಿಂದ ಬರುವ ಸ್ಥಾನಶಕ್ತಿ. ಇವೆರಡರ ಮೊತ್ತವೇ ವಿದ್ಯುತ್-ರಾಸಾಯನಿಕ ವಿಭವ:

E_F = μ(x) − qφ(x)

ಅರೆವಾಹಕಗಳ ಪಠ್ಯಗಳಲ್ಲಿ ಫರ್ಮಿ ಮಟ್ಟ ಎಂದು ಕರೆಯುವುದು ಈ ಮೊತ್ತವನ್ನೇ. ಸಮತೋಲನದಲ್ಲಿ ಸಮವಾಗಬೇಕಾದದ್ದು ಇದು. Μ ಆಗಲಿ φ ಆಗಲಿ ಬಿಡಿಬಿಡಿಯಾಗಿ ಸಮವಾಗಬೇಕಿಲ್ಲ. ಕೆಲವು ಪುಸ್ತಕಗಳು ಆಂತರಿಕ ಭಾಗವನ್ನೂ ಒಟ್ಟು ಮೊತ್ತವನ್ನೂ ‘ರಾಸಾಯನಿಕ ವಿಭವ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಈ ವಿಷಯದಲ್ಲಿ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಎರಡು ತುಂಡುಗಳು ಕೂಡಿದಾಗ

ಸಿಲಿಕಾನಿನ ಎರಡು ತುಂಡುಗಳನ್ನು ಊಹಿಸಿಕೊಳ್ಳೋಣ. ಮೊದಲನೆಯದರಲ್ಲಿ ಪ್ರತಿ ಘನ ಸೆಂಟಿಮೀಟರಿಗೆ 10¹⁷ ರಂಜಕದ ಪರಮಾಣುಗಳಿವೆ. ಅವು ತಲಾ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುವ ದಾನಿಗಳಾದುದರಿಂದ ಇದು ಎನ್-ಮಾದರಿ. ಎರಡನೆಯದರಲ್ಲಿ 10¹⁶ ಬೋರಾನ್ ಪರಮಾಣುಗಳಿವೆ. ಅವು ತಲಾ ಒಂದು ಎಲೆಕ್ಟ್ರಾನನ್ನು ಸೆಳೆದುಕೊಂಡು ವೇಲೆನ್ಸಿ ಪಟ್ಟಿಯಲ್ಲಿ ರಂಧ್ರವನ್ನು ಉಳಿಸುವ ಗ್ರಾಹಿಗಳು. ಹೀಗಾಗಿ ಇದು ಪಿ-ಮಾದರಿ. ತುಂಡುಗಳು ಬೇರೆಯಾಗಿದ್ದಾಗ ಎರಡೂ ತಟಸ್ಥ. ಪದಾರ್ಥ ಒಂದೇ ಆದ್ದರಿಂದ ಅವುಗಳ ಪಟ್ಟಿಗಳ ಅಂಚುಗಳು ಒಂದೇ ಎತ್ತರದಲ್ಲಿವೆ. ಫರ್ಮಿ ಮಟ್ಟಗಳು ಮಾತ್ರ ಬೇರೆ: ಎನ್-ತುಂಡಿನಲ್ಲಿ ಅದು ವಹನ ಪಟ್ಟಿಯ ಹತ್ತಿರ, ಪಿ-ತುಂಡಿನಲ್ಲಿ ವೇಲೆನ್ಸಿ ಪಟ್ಟಿಯ ಹತ್ತಿರ.

ಈಗ ಇವೆರಡೂ ಒಂದೇ ಹರಳಿನಲ್ಲಿ ಕೂಡಿವೆ ಎನ್ನೋಣ. (ನಿಜವಾದ ತುಂಡುಗಳನ್ನು ಒತ್ತಿಹಿಡಿದರೆ ಸಂಧಿಯಾಗುವುದಿಲ್ಲ. ಒಂದೇ ಹರಳಿನೊಳಗೆ ಕಲ್ಬೆರಕೆಯನ್ನು ಸೇರಿಸಿ ಸಂಧಿಯನ್ನು ರಚಿಸುತ್ತಾರೆ.) ಎನ್-ಬದಿಯ ಎಲೆಕ್ಟ್ರಾನುಗಳು ಪಿ-ಬದಿಗೂ ಪಿ-ಬದಿಯ ರಂಧ್ರಗಳು ಎನ್-ಬದಿಗೂ ವಿಸರಿಸಿ, ಎದುರಾದಲ್ಲಿ ಪರಸ್ಪರ ಕೂಡಿ ಇಲ್ಲವಾಗುತ್ತವೆ. ಹರಳಿಗೆ ಕಟ್ಟುಬಿದ್ದ ಅಯಾನುಗಳು ಮಾತ್ರ ಅಲ್ಲಿಯೇ ಉಳಿಯುತ್ತವೆ. ಎನ್-ಬದಿಯ ಗಡಿಯಲ್ಲಿ ರಂಜಕದ ಧನ ಅಯಾನುಗಳು, ಪಿ-ಬದಿಯ ಗಡಿಯಲ್ಲಿ ಬೋರಾನಿನ ಋಣ ಅಯಾನುಗಳು ಬರಿದಾಗಿ ನಿಲ್ಲುತ್ತವೆ. ಚಲಿಸುವ ಆವೇಶಗಳು ಖಾಲಿಯಾದ ಈ ಭಾಗಕ್ಕೆ ಸವಕಳಿ ವಲಯ ಎನ್ನುತ್ತಾರೆ. ಅಯಾನುಗಳ ಈ ಎರಡು ಪದರಗಳ ನಡುವೆ ಹುಟ್ಟುವ ವಿದ್ಯುತ್ ಕ್ಷೇತ್ರವು ಮುಂದಿನ ವಿಸರಣೆಯನ್ನು ತಡೆಯುತ್ತದೆ.

ಕ್ಷೇತ್ರವಿದೆ ಎಂದರೆ ವಿದ್ಯುತ್ ವಿಭವವು ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ ಎಂದರ್ಥ. ಪಟ್ಟಿಯ ಅಂಚು ಎಲೆಕ್ಟ್ರಾನಿನ ಶಕ್ತಿಯನ್ನು ಸೂಚಿಸುವುದರಿಂದ ಅದು −qφ(x) ಅನ್ನು ಹಾಗೆಯೇ ಅನುಸರಿಸುತ್ತದೆ. ಪಟ್ಟಿಗಳ ಬಾಗುವಿಕೆ ಎಂಬುದು ಹೀಗೆ ವಿದ್ಯುತ್ ವಿಭವದ ನಕ್ಷೆಯೇ, ಆದರೆ ತಲೆಕೆಳಗಾದ ನಕ್ಷೆ. ಎನ್-ಬದಿಯಲ್ಲಿ ವಿದ್ಯುತ್ ವಿಭವ ಹೆಚ್ಚು, ಆದುದರಿಂದ ಚಿತ್ರದಲ್ಲಿ ಅದರ ಪಟ್ಟಿಗಳು ಕೆಳಗಿರುತ್ತವೆ. ಬಾಗುವಿಕೆಯ ದಿಕ್ಕನ್ನು ಬಾಯಿಪಾಠ ಮಾಡುವ ಬದಲು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟರೆ ಸಾಕು.

ಅಂತರ್ಗತ ವಿಭವದ ಲೆಕ್ಕ

ಪಟ್ಟಿಗಳು ಎಷ್ಟು ಬಾಗುತ್ತವೆ? ಫರ್ಮಿ ಮಟ್ಟಗಳು ಸಮವಾಗಲು ಎಷ್ಟು ಬೇಕೋ ಅಷ್ಟೇ. ಅಂದರೆ ಬೇರೆಯಾಗಿದ್ದ ತುಂಡುಗಳ ರಾಸಾಯನಿಕ ವಿಭವಗಳ ವ್ಯತ್ಯಾಸವೇ ಬಾಗುವಿಕೆಯ ಎತ್ತರ.

ಶುದ್ಧ ಸಿಲಿಕಾನಿನಲ್ಲಿ 300 ಕೆಲ್ವಿನ್ ತಾಪದಲ್ಲಿ ಎಲೆಕ್ಟ್ರಾನುಗಳ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 10¹⁰. ಇದನ್ನು nᵢ ಎಂದು ಬರೆಯುತ್ತಾರೆ. ಇದೇ ತಾಪದಲ್ಲಿ kT/q ಬೆಲೆ 0.02585 ವೋಲ್ಟ್. ಕಲ್ಬೆರಕೆಯಿಂದ ಎಲೆಕ್ಟ್ರಾನುಗಳ ಸಾಂದ್ರತೆ ಎಷ್ಟು ಪಟ್ಟು ಹೆಚ್ಚುತ್ತದೆಯೋ ಅದರ ಸ್ವಾಭಾವಿಕ ಲಾಗರಿದಮ್ಮಿಗೆ ಅನುಗುಣವಾಗಿ ಫರ್ಮಿ ಮಟ್ಟ ಮೇಲೇರುತ್ತದೆ. ಎನ್-ತುಂಡಿನಲ್ಲಿ ಈ ಹೆಚ್ಚಳ 10⁷ ಪಟ್ಟು. ಹಾಗಾಗಿ ಮಟ್ಟವು ಶುದ್ಧ ಸಿಲಿಕಾನಿನಲ್ಲಿದ್ದುದಕ್ಕಿಂತ 0.02585 × 16.12 = 0.417 ಎಲೆಕ್ಟ್ರಾನ್‌ವೋಲ್ಟ್ ಮೇಲಿದೆ. ಪಿ-ತುಂಡಿನಲ್ಲಿ ರಂಧ್ರಗಳು 10⁶ ಪಟ್ಟು ಹೆಚ್ಚಿರುವುದರಿಂದ ಮಟ್ಟವು 0.357 ಎಲೆಕ್ಟ್ರಾನ್‌ವೋಲ್ಟ್ ಕೆಳಗಿದೆ. ಇವೆರಡನ್ನೂ ಕೂಡಿಸಿದರೆ:

V_bi = (kT/q) ln(N_A N_D / nᵢ²) = 0.774 V

ಉತ್ತರವನ್ನು ಇನ್ನೊಂದು ದಾರಿಯಿಂದಲೂ ಪರೀಕ್ಷಿಸಬಹುದು. ಎನ್-ಬದಿಯಲ್ಲಿ ಎಲೆಕ್ಟ್ರಾನುಗಳು 10¹⁷, ಪಿ-ಬದಿಯಲ್ಲಿ nᵢ²/N_A, ಅಂದರೆ ಕೇವಲ 10⁴. ಬೋಲ್ಟ್ಸ್‌ಮನ್ ನಿಯಮದಂತೆ 10¹³ ಪಟ್ಟು ವ್ಯತ್ಯಾಸವನ್ನು ಸಮತೋಲನದಲ್ಲಿ ಹಿಡಿದಿಡಲು ಬೇಕಾದ ಶಕ್ತಿಯ ಏರು 0.774 ಎಲೆಕ್ಟ್ರಾನ್‌ವೋಲ್ಟೇ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಪಠ್ಯಪುಸ್ತಕಗಳು nᵢ ಬೆಲೆಯನ್ನು 1.5 × 10¹⁰ ಎಂದು ಕೊಡುತ್ತವೆ. ಅದನ್ನು ಬಳಸಿದರೆ ಉತ್ತರ 0.753 ವೋಲ್ಟ್ ಆಗುತ್ತದೆ. ಉತ್ತರಗಳು ಎರಡು ಶತಾಂಶ ವೋಲ್ಟಿನಷ್ಟು ಬೇರೆ ಬಂದರೆ ಲೆಕ್ಕ ತಪ್ಪಾಗಿದೆ ಎಂದುಕೊಳ್ಳುವ ಮೊದಲು ಈ ಬೆಲೆಯನ್ನು ನೋಡುವುದು ಒಳ್ಳೆಯದು. ಅದೇ ಕಲ್ಬೆರಕೆಯ ಜರ್ಮೇನಿಯಮ್ಮಿನಲ್ಲಿ nᵢ ಸುಮಾರು 2.4 × 10¹³ ಆಗಿರುವುದರಿಂದ ಅಂತರ್ಗತ ವಿಭವ 0.37 ವೋಲ್ಟಿಗೆ ಇಳಿಯುತ್ತದೆ. ತಾಪ ಏರಿದಾಗಲೂ ಇದೇ ಕಾರಣದಿಂದ ಅಂತರ್ಗತ ವಿಭವ ಕುಗ್ಗುತ್ತದೆ: ಸೂತ್ರದಲ್ಲಿ T ಹೆಚ್ಚಿದರೂ nᵢ ಅದಕ್ಕಿಂತ ಬಹಳ ವೇಗವಾಗಿ ಹೆಚ್ಚುತ್ತದೆ.

ಬಾಗುವಿಕೆ ಎಲ್ಲಿ ನಡೆಯುತ್ತದೆ

ಎತ್ತರವನ್ನು ಸಮತೋಲನವೇ ನಿರ್ಧರಿಸಿತು. ಅದು ಎಷ್ಟು ಅಗಲದಲ್ಲಿ ಹರಡಿಕೊಳ್ಳುತ್ತದೆ ಎಂಬುದನ್ನು ಸ್ಥಿರವಿದ್ಯುತ್ತಿನ ಪಾಸಾನ್ ಸಮೀಕರಣ ನಿರ್ಧರಿಸುತ್ತದೆ. ಸವಕಳಿ ವಲಯದಲ್ಲಿ ಚಲಿಸುವ ಆವೇಶಗಳು ಸಂಪೂರ್ಣ ಇಲ್ಲವೆಂದು ಭಾವಿಸಿದರೆ ನಮ್ಮ ಸಂಧಿಯಲ್ಲಿ ಅದರ ಅಗಲ 0.33 ಮೈಕ್ರೋಮೀಟರ್ ಬರುತ್ತದೆ. ಎರಡೂ ಬದಿಯ ಒಟ್ಟು ಆವೇಶ ಸಮನಾಗಿರಬೇಕಾದುದರಿಂದ ಕಡಿಮೆ ಕಲ್ಬೆರಕೆಯ ಪಿ-ಬದಿಯಲ್ಲಿ ವಲಯವು 0.30 ಮೈಕ್ರೋಮೀಟರ್ ಒಳನುಗ್ಗುತ್ತದೆ, ಎನ್-ಬದಿಯಲ್ಲಿ 0.03 ಮಾತ್ರ. ವಿಭವವೂ ಅದೇ ಅನುಪಾತದಲ್ಲಿ ಹಂಚಿಹೋಗಿ, 0.704 ವೋಲ್ಟ್ ಪಿ-ಬದಿಯಲ್ಲಿಯೂ 0.070 ವೋಲ್ಟ್ ಎನ್-ಬದಿಯಲ್ಲಿಯೂ ಬೀಳುತ್ತದೆ. ಗಡಿಯಲ್ಲಿ ಕ್ಷೇತ್ರವು ಪ್ರತಿ ಸೆಂಟಿಮೀಟರಿಗೆ ಸುಮಾರು 47,000 ವೋಲ್ಟ್.

ಇಷ್ಟು ಪ್ರಬಲ ಕ್ಷೇತ್ರಕ್ಕೆ ಬೇಕಾದ ಆವೇಶ ಮಾತ್ರ ಅತ್ಯಲ್ಪ. ಒಂದು ಚದರ ಸೆಂಟಿಮೀಟರ್ ಸಂಧಿಯನ್ನು ದಾಟಿ ಹೋಗುವ ಎಲೆಕ್ಟ್ರಾನುಗಳು 3 × 10¹¹ ಮಾತ್ರ. ಅಷ್ಟೇ ವಿಸ್ತೀರ್ಣದ ಸಿಲಿಕಾನಿನ ಒಂದು ಪರಮಾಣು ಪದರದಲ್ಲಿರುವ ಪರಮಾಣುಗಳಿಗೆ ಹೋಲಿಸಿದರೆ ಇದು ಎರಡು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಆದುದರಿಂದ ಗಡಿಯಿಂದ ದೂರದಲ್ಲಿ ಎರಡೂ ಬದಿಗಳ ಎಲೆಕ್ಟ್ರಾನ್ ಮತ್ತು ರಂಧ್ರಗಳ ಸಾಂದ್ರತೆ ಬದಲಾಗುವುದೇ ಇಲ್ಲ. ಒಂದು ಬದಿಯ ಇಡೀ ಪಟ್ಟಿಯ ಚೌಕಟ್ಟು ಇನ್ನೊಂದಕ್ಕೆ ಹೋಲಿಸಿದರೆ ಮೇಲೆ ಜರುಗುತ್ತದೆ, ಅಷ್ಟೆ.

ಮೇಲಿನ ಊಹೆಗೆ ಒಂದು ಮಿತಿಯಿದೆ, ಮತ್ತು ನಮ್ಮ ಉದಾಹರಣೆಯೇ ಅದನ್ನು ತೋರಿಸುತ್ತದೆ. ಚಲಿಸುವ ಆವೇಶಗಳ ಸಾಂದ್ರತೆ ಹಠಾತ್ತನೆ ಸೊನ್ನೆಗೆ ಇಳಿಯುವುದಿಲ್ಲ. ಡೆಬೈ ಉದ್ದ ಎಂಬ ಅಳತೆಯ ಅಂತರದಲ್ಲಿ ಕ್ರಮೇಣ ಇಳಿಯುತ್ತದೆ. ಪಿ-ಬದಿಯಲ್ಲಿ ಈ ಉದ್ದ 41 ನ್ಯಾನೊಮೀಟರ್. ವಲಯದ 300 ನ್ಯಾನೊಮೀಟರಿಗೆ ಹೋಲಿಸಿದರೆ ಚಿಕ್ಕದು. ಎನ್-ಬದಿಯಲ್ಲಾದರೋ ಅದು 13 ನ್ಯಾನೊಮೀಟರ್, ಲೆಕ್ಕ ಹಾಕಿದ ವಲಯವೇ 30. ಅಲ್ಲಿ ‘ಸಂಪೂರ್ಣ ಬರಿದು’ ಎಂಬ ಮಾತು ಸಲ್ಲುವುದಿಲ್ಲ. 0.070 ವೋಲ್ಟಿನ ಏರನ್ನು ಹತ್ತಿ ಗಡಿಯನ್ನು ತಲುಪುವಷ್ಟರಲ್ಲಿ ಎಲೆಕ್ಟ್ರಾನುಗಳು ಹದಿನೈದನೆಯ ಒಂದು ಭಾಗಕ್ಕೆ ಇಳಿದಿರುತ್ತವೆ, ಇಲ್ಲವಾಗಿರುವುದಿಲ್ಲ. ಅಗಲದ ಅಂಕಿಗಳು ಇದರಿಂದ ತುಸು ಬದಲಾಗುತ್ತವೆ. ಆದರೆ 0.774 ವೋಲ್ಟ್ ಎಂಬುದು ಬದಲಾಗದು, ಏಕೆಂದರೆ ಅದನ್ನು ಪಡೆಯಲು ನಾವು ವಲಯದ ರಚನೆಯ ಬಗ್ಗೆ ಏನನ್ನೂ ಊಹಿಸಿರಲಿಲ್ಲ. ಕಲ್ಬೆರಕೆ ಸುಮಾರು 10¹⁹ ಮೀರಿದಾಗ ಮಾತ್ರ ಬೋಲ್ಟ್ಸ್‌ಮನ್ ನಿಯಮವೇ ಸಾಲದೆ ಲಾಗರಿದಮ್ ಸೂತ್ರವೂ ಕೈಕೊಡುತ್ತದೆ.

ವೋಲ್ಟ್‌ಮೀಟರು ಸೊನ್ನೆ ತೋರಿಸುವುದೇಕೆ

ವೋಲ್ಟ್‌ಮೀಟರು ಅಳೆಯುವುದು φ ವ್ಯತ್ಯಾಸವನ್ನಲ್ಲ, ತನ್ನ ಎರಡು ತಂತಿಗಳ ಫರ್ಮಿ ಮಟ್ಟಗಳ ವ್ಯತ್ಯಾಸವನ್ನು. ಸಮತೋಲನದಲ್ಲಿರುವ ಸಂಧಿಯಲ್ಲಿ ಆ ವ್ಯತ್ಯಾಸವೇ ಇಲ್ಲ. ವಿದ್ಯುತ್ ವಿಭವದ ದೃಷ್ಟಿಯಿಂದ ನೋಡಿದರೂ ಉತ್ತರ ಅದೇ: ತಾಮ್ರದ ತಂತಿ ಪಿ-ಬದಿಯನ್ನು ಮುಟ್ಟುವಲ್ಲಿಯೂ ಎನ್-ಬದಿಯನ್ನು ಮುಟ್ಟುವಲ್ಲಿಯೂ ತಮ್ಮದೇ ಆದ ವಿಭವದ ಮೆಟ್ಟಿಲುಗಳು ಹುಟ್ಟುತ್ತವೆ. ಸಂಧಿಯ 0.774 ವೋಲ್ಟನ್ನೂ ಸೇರಿಸಿ ಮೂರನ್ನೂ ಕೂಡಿದರೆ ಸೊನ್ನೆಯಾಗುತ್ತದೆ. ಹಾಗಾಗದಿದ್ದರೆ ಒಂದೇ ತಾಪದಲ್ಲಿರುವ ಡಯೋಡಿನಿಂದ ನಿರಂತರವಾಗಿ ವಿದ್ಯುತ್ತನ್ನು ಪಡೆಯಬಹುದಾಗಿತ್ತು. ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಬೆಳಕು ಬಿದ್ದಾಗ ಸೌರಕೋಶ ವೋಲ್ಟೇಜು ತೋರಿಸುವುದು ಆಗ ಸಮತೋಲನ ಕದಡಿ ಎರಡು ತುದಿಗಳ ಫರ್ಮಿ ಮಟ್ಟಗಳು ಬೇರೆಯಾಗುವುದರಿಂದ. ಆ ವೋಲ್ಟೇಜು ಅಂತರ್ಗತ ವಿಭವವಲ್ಲ.

ಅಂತರ್ಗತ ವಿಭವವನ್ನು ಅಳೆಯಲು ಪ್ರಯೋಗಾಲಯಗಳಲ್ಲಿ ಪರೋಕ್ಷ ದಾರಿಯನ್ನು ಹಿಡಿಯುತ್ತಾರೆ. ಸಂಧಿಗೆ ಹಿಮ್ಮುಖ ವೋಲ್ಟೇಜು ಕೊಟ್ಟಾಗ ಸವಕಳಿ ವಲಯ ಅಗಲವಾಗಿ ಅದರ ಧಾರಕತೆ C ಕುಗ್ಗುತ್ತದೆ. ವೋಲ್ಟೇಜಿಗೆ ಎದುರಾಗಿ 1/C² ಬೆಲೆಗಳನ್ನು ಗುರುತಿಸಿ ಎಳೆದ ಗೆರೆಯನ್ನು ಮುಮ್ಮುಖ ವೋಲ್ಟೇಜಿನ ಕಡೆಗೆ ಮುಂದುವರಿಸಿದರೆ, ಅದು ಅಕ್ಷವನ್ನು V_bi − 2kT/q ಬಳಿ ಕತ್ತರಿಸುತ್ತದೆ. ನಮ್ಮ ಸಂಧಿಯಲ್ಲಿ ಅದು ಸುಮಾರು 0.72 ವೋಲ್ಟ್. ಈ 2kT/q ತಿದ್ದುಪಡಿಯು ಹಿಂದೆ ಹೇಳಿದ ಮಸುಕಾದ ಅಂಚುಗಳಿಂದಲೇ ಬರುತ್ತದೆ. ಬಿಂದುಗಳು ನೇರ ಗೆರೆಯಲ್ಲಿ ಕೂರದಿದ್ದರೆ ಕಲ್ಬೆರಕೆಯು ಗಡಿಯಲ್ಲಿ ಹಠಾತ್ತಾಗಿ ಬದಲಾಗಿಲ್ಲ ಅಥವಾ ಏಕರೂಪವಾಗಿಲ್ಲ ಎಂದು ತಿಳಿಯಬೇಕು. ಕ್ರಮೇಣ ಬದಲಾಗುವ ಸಂಧಿಯಲ್ಲಿ 1/C³ ಎಳೆದಾಗ ಗೆರೆ ನೇರವಾಗುತ್ತದೆ.